ಒಂದೇ ಮೀಟಿಂಗ್, ಎರಡು ರೀಕ್ಯಾಪ್: ಯಾರಿಗೆ ಎಷ್ಟು ಉದ್ದ?

ಮೀಟಿಂಗ್ ಮುಗಿದ ಮೇಲೆ ರೀಕ್ಯಾಪ್ ಬರೆಯುವವರು ಸಾಮಾನ್ಯವಾಗಿ ಹೀಗೆ ಮಾಡುತ್ತಾರೆ. ಮೊದಲು ಟೀಮ್‌ಗೆ ಅಂತ ಒಂದು ಉದ್ದನೆಯ ಮೇಲ್ ಬರೆಯುತ್ತಾರೆ. ಆಮೇಲೆ ಅದನ್ನೇ ಕತ್ತರಿಸಿ, ಐದಾರು ಸಾಲು ಉಳಿಸಿ ಮೇಲಿನವರಿಗೆ ಕಳಿಸುತ್ತಾರೆ. ದೊಡ್ಡ ಹುದ್ದೆಯವರಿಗೆ ಟೈಮ್ ಇರಲ್ಲ, ಅದಕ್ಕೆ ಚಿಕ್ಕದು. ಟೀಮ್‌ನವರಿಗೆ ಎಲ್ಲ ವಿವರ ಬೇಕು, ಅದಕ್ಕೆ ದೊಡ್ಡದು. ಕೇಳೋಕೆ ಸರಿಯಾಗೇ ಇದೆ ಅಲ್ವಾ?

ಆದರೆ ಹಾಗೆ ಕತ್ತರಿಸಿದ ಮೇಲ್ ಓದಿದ ಡೈರೆಕ್ಟರ್‌ಗೆ ಅರ್ಧ ಅರ್ಥವಾಗಲ್ಲ. ಟೀಮ್‌ನವರು ಉದ್ದದ ಮೇಲ್ ಓದುವುದೇ ಇಲ್ಲ. ಯಾಕೆ ಅಂದರೆ ಈ ಇಬ್ಬರು ಓದುಗರ ನಡುವಿನ ವ್ಯತ್ಯಾಸ ಟೈಮ್‌ನದ್ದು ಮಾತ್ರ ಅಲ್ಲ. ಟೀಮ್‌ನವರು ಮೀಟಿಂಗ್‌ನಲ್ಲಿ ಕೂತಿದ್ದರು. ಹಿನ್ನೆಲೆ ಗೊತ್ತು, ಚರ್ಚೆ ಕೇಳಿದ್ದಾರೆ, ಯಾರು ಯಾಕೆ ಹಾಗೆ ಅಂದರು ಅನ್ನೋದೂ ನೆನಪಿದೆ. ಅವರಿಗೆ ಕಥೆ ಬೇಡ. ಬೇಕಾಗಿರುವುದು ಒಪ್ಪಿಕೊಂಡದ್ದು ಏನು, ಯಾರು ಮಾಡಬೇಕು, ಯಾವತ್ತಿನೊಳಗೆ ಅನ್ನೋದು. ಮೇಲಿನವರು ಅಲ್ಲಿ ಇರಲಿಲ್ಲ. ಅವರಿಗೆ ಕೆಲಸದ ಪಟ್ಟಿ ಬೇಡ, ಆದರೆ ಒಂದೆರಡು ಸಾಲು ಹಿನ್ನೆಲೆ ಬೇಕೇ ಬೇಕು. ಜೊತೆಗೆ ತಮ್ಮಿಂದ ಏನಾಗಬೇಕು ಅನ್ನೋದು ಗೊತ್ತಾಗಬೇಕು.

ಅಂದರೆ ಟೀಮ್‌ನ ರೀಕ್ಯಾಪ್‌ನಿಂದ ಬಿಡಬೇಕಾದದ್ದೇ ಮೇಲಿನವರಿಗೆ ಬೇಕು, ಮೇಲಿನವರಿಗೆ ಬೇಡವಾದದ್ದೇ ಟೀಮ್‌ಗೆ ಬೇಕು. ಒಂದನ್ನು ಕತ್ತರಿಸಿ ಇನ್ನೊಂದನ್ನು ಮಾಡೋಕೆ ಹೊರಟರೆ ಎಡವಟ್ಟಾಗುವುದು ಇದಕ್ಕೇ. ಎಷ್ಟು ಉದ್ದ ಅನ್ನೋ ಪ್ರಶ್ನೆಗೆ ಮೊದಲು, ಓದುವವರಿಗೆ ಈಗಾಗಲೇ ಏನು ಗೊತ್ತು, ಓದಿದ ಮೇಲೆ ಅವರು ಏನು ಮಾಡಬೇಕು ಅನ್ನೋದನ್ನು ನೋಡಬೇಕು.

ಒಂದು ಉದಾಹರಣೆ ತೆಗೆದುಕೊಂಡು ಪೂರ್ತಿ ಬರೆದೇ ನೋಡೋಣ. ಇದು ನಾನು ಕಟ್ಟಿದ ಸನ್ನಿವೇಶ, ಆದರೆ ಇಂಥ ಮೀಟಿಂಗ್ ಯಾವ ಸಾಫ್ಟ್‌ವೇರ್ ಟೀಮ್‌ಗೂ ಹೊಸದಲ್ಲ.

ಮಂಗಳವಾರ, 7ನೇ ತಾರೀಖು. ಏಳು ಜನ ಮುಕ್ಕಾಲು ಗಂಟೆ ಕೂತಿದ್ದಾರೆ. ಹೊಸ ಪೇಮೆಂಟ್ ವ್ಯವಸ್ಥೆ 14ಕ್ಕೆ ರಿಲೀಸ್ ಆಗಬೇಕು. ಟೆಸ್ಟಿಂಗ್‌ನಲ್ಲಿ ಒಂದು ತೊಂದರೆ ಸಿಕ್ಕಿದೆ. ನೆಟ್‌ವರ್ಕ್ ನಿಧಾನವಾದಾಗ ಸಿಸ್ಟಮ್ ಅದೇ ರಿಫಂಡ್ ಮನವಿಯನ್ನು ಮತ್ತೊಮ್ಮೆ ಕಳಿಸುತ್ತದೆ. ಆ ಕಡೆಯವರಿಗೆ ಅದು ಹಳೆಯದೋ ಹೊಸದೋ ಗೊತ್ತಾಗಲ್ಲ, ಎರಡು ಸಲ ದುಡ್ಡು ಹೋಗುತ್ತದೆ. 40 ಕೇಸ್‌ಗಳಲ್ಲಿ 3ರಲ್ಲಿ ಹೀಗಾಗಿದೆ. ಎಲ್ಲವನ್ನೂ 28ಕ್ಕೆ ಮುಂದೂಡೋಣ ಅಂತ ಒಬ್ಬರು ಅಂದರು. ಆದರೆ ಹಳೆಯ ಪೇಮೆಂಟ್ ಕಂಪನಿಯ ಜೊತೆಗಿನ ಕರಾರು 20ಕ್ಕೆ ಮುಗಿಯುತ್ತದೆ. ಕೊನೆಗೆ, 14ಕ್ಕೇ ರಿಲೀಸ್ ಮಾಡೋಣ, ರಿಫಂಡ್ ಮಾತ್ರ 28ಕ್ಕೆ ಕೊಡೋಣ, ಅಲ್ಲಿಯವರೆಗೆ ಸಪೋರ್ಟ್ ಟೀಮ್ ಕೈಯಿಂದ ಮಾಡಲಿ ಅಂತ ಆಯಿತು. ಈಗ ದಿನಕ್ಕೆ 15ರಿಂದ 20 ರಿಫಂಡ್ ಬರುತ್ತಿವೆ. 30 ದಾಟಿದರೆ ಕಷ್ಟ ಅಂತ ಸಪೋರ್ಟ್ ಲೀಡ್ ಅಂದರು. ಟೆಸ್ಟಿಂಗ್ ಲೀಡ್ ಒಪ್ಪಲಿಲ್ಲ, 20 ದಾಟಿದರೇ ತಪ್ಪು ಶುರುವಾಗುತ್ತೆ ಅಂದರು. ಇದರ ಮಧ್ಯೆ ಇನ್ನೊಂದು ವಿಷಯ ಹೊರಗೆ ಬಂತು. ಒಬ್ಬ ದೊಡ್ಡ ಗ್ರಾಹಕರಿಗೆ 14ಕ್ಕೇ ರಿಫಂಡ್ ಸಿಗುತ್ತದೆ ಅಂತ ಈಗಾಗಲೇ ಮಾತು ಕೊಟ್ಟಾಗಿದೆ.

ಈಗ ಅಲ್ಲಿ ಕೂತಿದ್ದವರಿಗೆ ಹೋಗುವ ರೀಕ್ಯಾಪ್ ನೋಡಿ.

> ತೀರ್ಮಾನ
>
> 14ಕ್ಕೆ ರಿಲೀಸ್. ರಿಫಂಡ್ ಬಟನ್ ಪರದೆಯಲ್ಲಿ ಕಾಣಿಸಬಾರದು (ಕಂಡು, ಒತ್ತೋಕೆ ಬರದ ಹಾಗೆ ಮಾಡುವುದಲ್ಲ).
>
> ತಾನಾಗೇ ಆಗುವ ರಿಫಂಡ್ 28ಕ್ಕೆ.
>
> ಸತತ ಎರಡು ದಿನ 30 ರಿಫಂಡ್ ದಾಟಿದರೆ ಹೊಸ ಗ್ರಾಹಕರನ್ನು ಸೇರಿಸುವುದನ್ನು ನಿಲ್ಲಿಸುತ್ತೇವೆ. ದಿನ ಅಂದರೆ ರಾತ್ರಿ 12ರಿಂದ ರಾತ್ರಿ 12. ಟೆಸ್ಟಿಂಗ್ ಲೀಡ್ ಈ ಮಿತಿ 20 ಇರಬೇಕು ಅಂದರು.
>
> ಕೆಲಸ
>
> ರಿಫಂಡ್ ಬಟನ್ ತೆಗೆಯುವುದು: ಆ್ಯಪ್ ಲೀಡ್, 10ರ ಸಂಜೆ
>
> ಕೈಯಿಂದ ರಿಫಂಡ್ ಮಾಡುವ ಕ್ರಮ ಬರೆದಿಡುವುದು: ಸಪೋರ್ಟ್ ಲೀಡ್, 10ರ ಸಂಜೆ
>
> ದಿನದ ಎಣಿಕೆಯನ್ನು ಗ್ರೂಪ್‌ನಲ್ಲಿ ಹಾಕುವುದು: ಸಪೋರ್ಟ್ ಲೀಡ್, 15ರಿಂದ ದಿನಾ ಬೆಳಿಗ್ಗೆ 10ಕ್ಕೆ
>
> ಪ್ರತಿ ರಿಫಂಡ್ ಮನವಿಗೂ ಅದರದ್ದೇ ಆದ, ಮತ್ತೆ ಕಳಿಸಿದರೂ ಬದಲಾಗದ ಗುರುತು ಸಂಖ್ಯೆ ಕೊಡುವುದು: ಬ್ಯಾಕೆಂಡ್ ಲೀಡ್, 20ರ ಸಂಜೆ
>
> ಆ 40 ಕೇಸ್‌ಗಳನ್ನೂ ಮತ್ತೆ ಟೆಸ್ಟ್ ಮಾಡುವುದು: ಟೆಸ್ಟಿಂಗ್ ಲೀಡ್, 24ರ ಸಂಜೆ
>
> ಇನ್ನೂ ತೀರ್ಮಾನ ಆಗಿಲ್ಲ
>
> 14ಕ್ಕೆ ಮೊದಲಿನ ಆರ್ಡರ್‌ಗಳ ರಿಫಂಡ್ ಯಾವ ವ್ಯವಸ್ಥೆಯಲ್ಲಿ? ಗುರುವಾರದ ಮೀಟಿಂಗ್‌ನಲ್ಲಿ.
>
> ದೊಡ್ಡ ಗ್ರಾಹಕರಿಗೆ ಯಾರು ಹೇಳುವುದು? ಡೈರೆಕ್ಟರ್ ಅವರನ್ನು ಕೇಳಿದ್ದೇವೆ.
>
> ಏನಾದರೂ ತಪ್ಪಾಗಿ ಬರೆದಿದ್ದರೆ ನಾಳೆ ಮಧ್ಯಾಹ್ನದೊಳಗೆ ಹೇಳಿ.

ಇಲ್ಲಿ ಏನಿಲ್ಲ ಅಂತ ಗಮನಿಸಿ. ರಿಫಂಡ್ ಎರಡು ಸಲ ಯಾಕೆ ಹೋಗುತ್ತಿತ್ತು ಅನ್ನೋ ವಿವರಣೆ ಇಲ್ಲ. ಮುಂದೂಡೋಣ ಅಂದದ್ದು ಯಾರು, ಕರಾರಿನ ವಿಷಯ ಹೇಳಿದ್ದು ಯಾರು ಅನ್ನೋದೂ ಇಲ್ಲ. ಅದನ್ನೆಲ್ಲ ಅವರು ಕಿವಿಯಾರೆ ಕೇಳಿದ್ದಾರೆ, ಮತ್ತೆ ಓದಿಸುವುದು ಸುಮ್ನೆ. ಆದರೆ ಬಟನ್ ಬಗ್ಗೆ ಆವರಣದಲ್ಲಿರುವ ಆ ಮಾತು ನೋಡಿ. ಅದನ್ನು ಬಿಡುವ ಹಾಗಿಲ್ಲ. ‘ಬಟನ್ ತೆಗೆಯೋಣ’ ಅಂತ ಎಲ್ಲರೂ ತಲೆಯಾಡಿಸಿರುತ್ತಾರೆ. ಒಬ್ಬರ ತಲೆಯಲ್ಲಿ ಅದು ಪೂರ್ತಿ ಮಾಯವಾಗಬೇಕು, ಇನ್ನೊಬ್ಬರ ತಲೆಯಲ್ಲಿ ಮಂಕಾಗಿ ಕಾಣುತ್ತಿದ್ದರೆ ಸಾಕು. ಮೀಟಿಂಗ್‌ನಲ್ಲಿ ಇಬ್ಬರೂ ಒಪ್ಪಿದ್ದಾರೆ, ಒಪ್ಪಿದ್ದು ಬೇರೆ ಬೇರೆಯನ್ನ. ‘ದಿನ ಅಂದರೆ ರಾತ್ರಿ 12ರಿಂದ’ ಅನ್ನೋದೂ ಅದೇ ಜಾತಿಯದ್ದು. ಕೂತಿದ್ದವರ ರೀಕ್ಯಾಪ್ ಇರುವುದೇ ಇಂಥ ಜಾಗಗಳನ್ನು ಮುಚ್ಚೋಕೆ.

ಹಾಗಾಗಿ ಇದರ ಉದ್ದಕ್ಕೆ ಪದಗಳ ಲೆಕ್ಕ ಇಡಬೇಡಿ. ಐದು ಕೆಲಸ ಇದ್ದರೆ ಐದು ಸಾಲು, ಹನ್ನೆರಡಿದ್ದರೆ ಹನ್ನೆರಡು. ಒಂದು ಕೆಲಸಕ್ಕೆ ಒಂದೇ ಸಾಲು, ಅದರಲ್ಲಿ ಏನು, ಯಾರು, ಯಾವತ್ತು. ಎರಡನೇ ಸಾಲು ಬೇಕಾಯಿತು ಅಂದರೆ ಒಂದೋ ಅದು ಎರಡು ಕೆಲಸ, ಇಲ್ಲವೇ ನೀವು ಚರ್ಚೆಯನ್ನು ಮತ್ತೆ ಬರೆಯುತ್ತಿದ್ದೀರಿ. ಮೇಲೆ ನಾನು ಹುದ್ದೆಗಳನ್ನು ಬರೆದಿದ್ದೇನೆ. ನಿಮ್ಮ ಮೇಲ್‌ನಲ್ಲಿ ಆ ಜಾಗದಲ್ಲಿ ಒಬ್ಬರ ಹೆಸರಿರಲಿ. ‘ಸಪೋರ್ಟ್ ಟೀಮ್’ ಅಂತ ಬರೆದ ಕೆಲಸವನ್ನು ಟೀಮ್‌ನಲ್ಲಿ ಪ್ರತಿಯೊಬ್ಬರೂ ಇನ್ನೊಬ್ಬರು ಮಾಡುತ್ತಾರೆ ಅಂದುಕೊಳ್ಳುತ್ತಾರೆ.

ಈಗ ಮೇಲಿನವರಿಗೆ. ಡೈರೆಕ್ಟರ್ ಮೀಟಿಂಗ್‌ಗೆ ಬಂದಿರಲಿಲ್ಲ. ರಿಫಂಡ್ ಬಟನ್ ಯಾವ ಪರದೆಯಲ್ಲಿದೆ ಅನ್ನೋದು ಅವರಿಗೆ ಬೇಡ. ಅವರು ಇದನ್ನು ಮೊಬೈಲ್‌ನಲ್ಲಿ, ಒಂದು ಮೀಟಿಂಗ್‌ನಿಂದ ಇನ್ನೊಂದಕ್ಕೆ ಹೋಗುವಾಗ ಓದುತ್ತಾರೆ ಅಂತಲೇ ಇಟ್ಟುಕೊಳ್ಳಿ.

> ವಿಷಯ: 14ರ ರಿಲೀಸ್ ಇದೆ, ರಿಫಂಡ್ 28ಕ್ಕೆ. ಗುರುವಾರದೊಳಗೆ ನಿಮ್ಮ ಉತ್ತರ ಬೇಕು
>
> ನಿಮ್ಮಿಂದ ಬೇಕಾದದ್ದು: ನಮ್ಮ ದೊಡ್ಡ ಗ್ರಾಹಕರಿಗೆ 14ಕ್ಕೇ ರಿಫಂಡ್ ಸಿಗುತ್ತದೆ ಅಂತ ಹೇಳಿದ್ದೇವೆ. ತಡವಾಗುತ್ತದೆ ಅಂತ ಅವರಿಗೆ ನೀವು ಹೇಳುತ್ತೀರಾ, ನಾವು ಹೇಳಬೇಕಾ? ಗುರುವಾರ ಸಂಜೆಯೊಳಗೆ ತಿಳಿಸಿ. ಉತ್ತರ ಬರದಿದ್ದರೆ ಶುಕ್ರವಾರ ಬೆಳಿಗ್ಗೆ ನಾವೇ ಹೇಳುತ್ತೇವೆ.
>
> ಹೊಸ ಪೇಮೆಂಟ್ ವ್ಯವಸ್ಥೆ 14ಕ್ಕೆ ಶುರುವಾಗುತ್ತದೆ. ಟೆಸ್ಟಿಂಗ್‌ನಲ್ಲಿ ಕೆಲವು ರಿಫಂಡ್ ಎರಡು ಸಲ ಹೋಗಿವೆ, ಅದಕ್ಕೆ ಅದೊಂದನ್ನು 28ಕ್ಕೆ ಇಟ್ಟಿದ್ದೇವೆ. ಅಲ್ಲಿಯವರೆಗೆ ಸಪೋರ್ಟ್‌ನವರು ಕೈಯಿಂದ ಮಾಡುತ್ತಾರೆ. ಹಳೆಯ ಕರಾರು 20ಕ್ಕೆ ಮುಗಿಯುವುದರಿಂದ ಎಲ್ಲವನ್ನೂ ಮುಂದೂಡಲು ಆಗಲಿಲ್ಲ.
>
> ಅಪಾಯ: ಈಗ ದಿನಕ್ಕೆ 15–20 ರಿಫಂಡ್ ಇವೆ. 30ರವರೆಗೆ ನಿಭಾಯಿಸಬಹುದು ಅಂತ ಸಪೋರ್ಟ್ ಲೀಡ್, 20 ದಾಟಿದರೇ ಕಷ್ಟ ಅಂತ ಟೆಸ್ಟಿಂಗ್ ಲೀಡ್.

ವಿಷಯದ ಸಾಲು ಬಿಟ್ಟರೆ ಸುಮಾರು 70 ಪದ. ಇದು ಟೀಮ್‌ನ ರೀಕ್ಯಾಪ್‌ಗಿಂತ ಚಿಕ್ಕದು, ಆದರೆ ಅದರ ಕತ್ತರಿಸಿದ ರೂಪ ಅಲ್ಲ. ಗ್ರಾಹಕರಿಗೆ ಕೊಟ್ಟ ಮಾತು ಅಲ್ಲಿ ಕೊನೆಯಲ್ಲಿ ಒಂದು ಸಾಲಾಗಿತ್ತು, ಇಲ್ಲಿ ಮೊದಲಿಗೆ ಬಂದಿದೆ. ಕರಾರಿನ ಮಾತು ಅಲ್ಲಿ ಇರಲೇ ಇಲ್ಲ, ಇಲ್ಲಿ ಇದೆ. ಎರಡು ಸಲ ದುಡ್ಡು ಹೋದದ್ದು ಇದೆ, ಯಾಕೆ ಹೋಯಿತು ಅನ್ನೋದು ಇಲ್ಲ.

ಕರಾರಿನ ಆ ಒಂದು ಸಾಲನ್ನು ತೆಗೆದುಬಿಟ್ಟರೆ ಏನಾಗುತ್ತದೆ? ಓದಿದ ಯಾರಿಗಾದರೂ ಮೊದಲು ಹೊಳೆಯುವ ಪ್ರಶ್ನೆ, ‘ಎರಡು ವಾರ ತಡವಾಗಿ ಎಲ್ಲವನ್ನೂ ಒಟ್ಟಿಗೇ ಮಾಡಬಹುದಿತ್ತಲ್ಲ?’ ಅಂತ. ಡೈರೆಕ್ಟರ್ ಅದನ್ನು ಮೇಲ್‌ನಲ್ಲಿ ಕೇಳುತ್ತಾರೆ, ನೀವು ಉತ್ತರ ಬರೆಯುತ್ತೀರಿ. ಒಂದು ಸಾಲು ಉಳಿಸೋಕೆ ಹೋಗಿ ಎರಡು ಮೇಲ್ ಖರ್ಚು. ಅವರು ನಿಮ್ಮನ್ನು ಕೇಳದೆ, ಅವರನ್ನೇ ಅವರ ಮೇಲಿನವರು ಕೇಳಿ ಅವರಿಗೆ ಉತ್ತರ ಗೊತ್ತಿಲ್ಲದೆ ಹೋದರೆ ಇನ್ನೂ ಕಷ್ಟ. ಅದಕ್ಕೆ ಮೇಲಿನವರ ರೀಕ್ಯಾಪ್ ಎಷ್ಟು ಚಿಕ್ಕದಿರಬಹುದು ಅನ್ನೋದಕ್ಕೆ ನಾನು ಇಡುವ ಅಳತೆ ಇದು: ಅವರಿಗೆ ಹೊಳೆಯುವ ಮೊದಲ ಪ್ರಶ್ನೆಗೆ ಉತ್ತರ ಅಲ್ಲೇ ಇರಬೇಕು. ಎರಡನೇ, ಮೂರನೇ ಪ್ರಶ್ನೆಗೆ ಬೇಡ. ಅದಕ್ಕೆ ಕೆಳಗೆ ಟೀಮ್‌ನ ರೀಕ್ಯಾಪ್‌ನ ಲಿಂಕ್ ಹಾಕಿದರೆ ಸಾಕು, ಬೇಕಾದವರು ತೆರೆದು ನೋಡುತ್ತಾರೆ.

ಈ ಯೋಚನೆ ಹೊಸದೇನಲ್ಲ. 1940ರ ಆಗಸ್ಟ್‌ನಲ್ಲಿ, ಯುದ್ಧದ ಮಧ್ಯೆ, ಬ್ರಿಟನ್ನಿನ ಪ್ರಧಾನಿ ಚರ್ಚಿಲ್ ತಮ್ಮ ಸರ್ಕಾರದವರಿಗೆ ಒಂದು ಪುಟ್ಟ ಟಿಪ್ಪಣಿ ಕಳಿಸಿದ್ದರು. ವರದಿಗಳು ತೀರಾ ಉದ್ದವಾಗುತ್ತಿವೆ, ಮುಖ್ಯ ಅಂಶಗಳನ್ನು ಚಿಕ್ಕ ಚಿಕ್ಕ ಪ್ಯಾರಾಗಳಲ್ಲಿ ಬರೆಯಿರಿ ಅನ್ನೋದು ಅದರ ತಿರುಳು. ವಿವರವಾದ ವಿಶ್ಲೇಷಣೆಯನ್ನು, ಅಂಕಿ-ಅಂಶಗಳನ್ನು ಅನುಬಂಧಕ್ಕೆ ಹಾಕಿ ಅಂತಲೂ ಅದರಲ್ಲಿತ್ತು. ವಿವರವನ್ನು ಎಸೆಯಿರಿ ಅಂತ ಅವರು ಹೇಳಲಿಲ್ಲ, ಜಾಗ ಬದಲಿಸಿ ಅಂದರು. ಇವತ್ತು ಆ ಅನುಬಂಧದ ಕೆಲಸವನ್ನು ಲಿಂಕ್ ಮಾಡುತ್ತದೆ.

ನಮ್ಮ ಉದಾಹರಣೆಯಲ್ಲಿ ಬಿಡಬೇಕೋ ಇಡಬೇಕೋ ಅಂತ ನಿಜವಾಗಿ ಯೋಚಿಸಬೇಕಾದದ್ದು ಟೆಸ್ಟಿಂಗ್ ಲೀಡ್ ಅವರ ಮಾತು. ಮೀಟಿಂಗ್‌ನಲ್ಲಿ ಅವರ ಅಭಿಪ್ರಾಯ ನಡೆಯಲಿಲ್ಲ, ತೀರ್ಮಾನ 30 ಅಂತಲೇ ಆಯಿತು. ಚಿಕ್ಕದು ಮಾಡುವಾಗ ಮೊದಲು ಕತ್ತರಿ ಬೀಳುವುದು ಇಂಥ ಮಾತಿಗೇ. ಆಗಿಹೋದ ವಿಷಯ, ಮೇಲಿನವರಿಗೆ ಯಾಕೆ ಅಂತ. ಆದರೆ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಈಗಲೇ ದಿನಕ್ಕೆ 20ರವರೆಗೆ ಬರುತ್ತಿವೆ. ಸಪೋರ್ಟ್ ಲೀಡ್ ಹೇಳಿದ್ದು ಸರಿಯಾದರೆ ಇನ್ನೂ ಸಾಕಷ್ಟು ಜಾಗ ಇದೆ. ಟೆಸ್ಟಿಂಗ್ ಲೀಡ್ ಹೇಳಿದ್ದು ಸರಿಯಾದರೆ ಮೊದಲ ದಿನವೇ ಅಂಚಿನಲ್ಲಿ ನಿಂತಿರುತ್ತೇವೆ. ಇದು ಗೊತ್ತಿದ್ದರೆ ಡೈರೆಕ್ಟರ್ ಇನ್ನೊಬ್ಬರನ್ನು ಸಪೋರ್ಟ್‌ಗೆ ಹಾಕಬಹುದು, ಗ್ರಾಹಕರ ಹತ್ತಿರ ಮಾತಾಡುವಾಗ ಹುಷಾರಾಗಿರಬಹುದು. ಅವರ ನಡೆ ಬದಲಾಗುತ್ತದೆ, ಹಾಗಾಗಿ ಅದು ಉಳಿಯಬೇಕು. ಅದೇ ಇಬ್ಬರು ಬಟನ್ ಕಾಣಿಸಬೇಕಾ ಬೇಡವಾ ಅಂತ ಹತ್ತು ನಿಮಿಷ ವಾದ ಮಾಡಿದ್ದರೂ ಅದು ಮೇಲಕ್ಕೆ ಹೋಗಬೇಕಿಲ್ಲ. ಮೀಟಿಂಗ್‌ನಲ್ಲಿ ಎಷ್ಟು ಹೊತ್ತು ತಿಂದಿತು ಅನ್ನೋದಕ್ಕೂ ರೀಕ್ಯಾಪ್‌ನಲ್ಲಿ ಎಷ್ಟು ಜಾಗ ಕೊಡಬೇಕು ಅನ್ನೋದಕ್ಕೂ ಸಂಬಂಧವೇ ಇಲ್ಲ.

ಈ 70 ಪದ ಎಲ್ಲ ಕಡೆಗೂ ಅಲ್ಲ. ಮೇಲಿನವರು ಏನೂ ಮಾಡಬೇಕಿಲ್ಲ, ತಿಳಿದಿದ್ದರೆ ಸಾಕು ಅಂದರೆ ಒಂದು ಸಾಲು ಸಾಕು. ತಿಳಿಯುವುದೂ ಬೇಕಿಲ್ಲ ಅಂದರೆ ಕಳಿಸಲೇಬೇಡಿ. ಪ್ರತಿ ಮೀಟಿಂಗ್ ಆದ ಮೇಲೂ ಮೇಲಕ್ಕೆ ಒಂದು ಮೇಲ್ ಹೋಗುತ್ತಿದ್ದರೆ, ನಿಜವಾಗಿ ಉತ್ತರ ಬೇಕಾದ ಮೇಲ್ ಬಂದಾಗಲೂ ಅದನ್ನು ಉಳಿದವುಗಳ ಹಾಗೇ ಓದದೆ ಬಿಡುತ್ತಾರೆ. ಇನ್ನೊಂದು ಕಡೆ, ಅವರು ಎರಡು ದಾರಿಗಳಲ್ಲಿ ಒಂದನ್ನು ಆರಿಸಬೇಕು, ಅದರಲ್ಲಿ ದುಡ್ಡೋ ಜನರೋ ಇದ್ದಾರೆ ಅಂದರೆ 70 ಪದದಲ್ಲಿ ಮುಗಿಸುವುದೇ ತಪ್ಪು. ಆಗ ಒಂದು ಪುಟ ಬೇಕು: ಎರಡೂ ದಾರಿ, ಎರಡರ ಖರ್ಚು, ನೀವು ಯಾವುದನ್ನು ಹೇಳುತ್ತೀರಿ, ಯಾಕೆ. ದೊಡ್ಡ ಹುದ್ದೆಯವರು ಉದ್ದದ್ದನ್ನು ಓದುವುದೇ ಇಲ್ಲ ಅನ್ನೋದು ನಿಜವಲ್ಲ. ಅಮೆಜಾನ್‌ನಲ್ಲಿ 2004ರಲ್ಲಿ ಜೆಫ್ ಬೆಜೋಸ್ ಹಿರಿಯರ ಮೀಟಿಂಗ್‌ಗಳಿಂದ ಸ್ಲೈಡ್‌ಗಳನ್ನೇ ತೆಗೆದುಹಾಕಿದರು. ಅದರ ಬದಲು ಆರು ಪುಟಗಳ ಬರಹ ಬಂತು, ಮೀಟಿಂಗ್‌ನ ಶುರುವಿನಲ್ಲಿ ಎಲ್ಲರೂ ಸುಮ್ಮನೆ ಕೂತು ಅದನ್ನು ಓದುತ್ತಾರೆ. ಅದು ತೀರ್ಮಾನಕ್ಕೆ ಮುಂಚಿನ ಓದು, ಓದೋಕೆ ಅಂತಲೇ ಹೊತ್ತು ತೆಗೆದಿಟ್ಟಿರುತ್ತಾರೆ. ರೀಕ್ಯಾಪ್ ತೀರ್ಮಾನ ಆದ ಮೇಲಿನದ್ದು, ಅದಕ್ಕೆ ಯಾರೂ ಹೊತ್ತು ಇಟ್ಟಿರಲ್ಲ.

ನೀವು ಬರೆದದ್ದು ಸರಿಯಾದ ಉದ್ದದಲ್ಲಿತ್ತಾ ಅಂತ ತಿಳಿಯೋದು ಹೇಗೆ? ಬರುವ ಉತ್ತರಗಳನ್ನು ನೋಡಿ. ‘ಸರಿ, ನಾನೀಗ ಏನು ಮಾಡಬೇಕು?’ ಅಂತ ಡೈರೆಕ್ಟರ್ ಕೇಳಿದರೆ ನಿಮ್ಮ ಕೋರಿಕೆ ಎಲ್ಲೋ ಕೆಳಗೆ ಹೂತುಹೋಗಿದೆ. ‘ಯಾವ ರಿಫಂಡ್?’ ಅಂದರೆ ಹಿನ್ನೆಲೆ ಸಾಲದು. ‘ಯಾಕೆ ಹಾಗೆ ಮಾಡಲಿಲ್ಲ?’ ಅಂದರೆ ಕೈಬಿಟ್ಟ ದಾರಿಯ ಬಗ್ಗೆ ಒಂದು ಸಾಲು ಬೇಕಿತ್ತು. ಇಂಥ ಪ್ರಶ್ನೆ ಬಂದ ತಕ್ಷಣ ಮುಂದಿನ ಸಲ ಎಲ್ಲವನ್ನೂ ಉದ್ದ ಮಾಡೋಕೆ ಹೋಗಬೇಡಿ. ಆ ಒಂದು ಜಾಗದಲ್ಲಿ ಒಂದು ಸಾಲು ಸೇರಿಸಿ, ಅಷ್ಟೇ.

ಟೀಮ್ ಕಡೆಯ ಸೂಚನೆಗಳು ಬೇರೆ. ‘ನಾವು ಹಾಗೆ ತೀರ್ಮಾನ ಮಾಡಲಿಲ್ಲವಲ್ಲ’ ಅಂತ ಮಾರನೇ ದಿನವೇ ಯಾರಾದರೂ ಬರೆದರೆ ಖುಷಿ ಪಡಿ, ರೀಕ್ಯಾಪ್ ತನ್ನ ಕೆಲಸ ಮಾಡಿದೆ. ಅದೇ ಮಾತು ಹತ್ತು ದಿನ ಆದ ಮೇಲೆ, ಅರ್ಧ ಕೆಲಸ ಮುಗಿದ ಮೇಲೆ ಬಂದರೆ ಮೇಲ್ ಓದಿಲ್ಲ ಅಂತ ಅರ್ಥ, ಬಹುಶಃ ಉದ್ದ ಜಾಸ್ತಿಯಾಗಿ. ಪೂರ್ತಿ ಮೌನವನ್ನು ಒಪ್ಪಿಗೆ ಅಂದುಕೊಳ್ಳಬೇಡಿ. ಮೊದಲ ಡೆಡ್‌ಲೈನ್ ಬಂದಾಗ, ನಮ್ಮ ಲೆಕ್ಕದಲ್ಲಿ 10ರ ಸಂಜೆ, ಇಬ್ಬರೂ ಕೆಲಸ ಮುಗಿಸಿದ್ದರೆ ಮಾತ್ರ ಓದಿದ್ದಾರೆ ಅಂತ ಲೆಕ್ಕ.

ಇನ್ನು ಈ ಎರಡೂ ಗುಂಪಿಗೆ ಸೇರದವರು ಇದ್ದೇ ಇರುತ್ತಾರೆ. ಟೀಮ್‌ನವರೇ, ಆದರೆ ಅವತ್ತು ರಜೆಯಲ್ಲಿದ್ದರು. ಅವರಿಗೆ ಕೆಲಸದ ಪಟ್ಟಿಯೂ ಬೇಕು, ಹಿನ್ನೆಲೆಯೂ ಬೇಕು. ಅವರೊಬ್ಬರಿಗೋಸ್ಕರ ಎಲ್ಲರ ರೀಕ್ಯಾಪ್‌ಗೆ ಹಿನ್ನೆಲೆ ತುಂಬಬೇಡಿ. ಟೀಮ್‌ನ ರೀಕ್ಯಾಪನ್ನೇ ಅವರಿಗೆ ಕಳಿಸಿ, ಮೇಲೆ ಮೂರು ಸಾಲು ಬೇರೆಯಾಗಿ ಬರೆಯಿರಿ, ಇಲ್ಲವೇ ಐದು ನಿಮಿಷ ಫೋನ್ ಮಾಡಿ. ಡೈರೆಕ್ಟರ್ ಕೊನೆಯ ಹತ್ತು ನಿಮಿಷಕ್ಕೆ ಬಂದು ಕೂತಿದ್ದರು ಅಂದರೆ ಅವರನ್ನು ಬಾರದವರು ಅಂತಲೇ ಎಣಿಸಿ. ಅವರು ಕೇಳಿದ್ದು ತೀರ್ಮಾನವನ್ನು, ಕಾರಣವನ್ನಲ್ಲ. ಕಂಪನಿಯ ಬೋರ್ಡ್ ಮೀಟಿಂಗ್‌ನಂಥವುಗಳ ಅಧಿಕೃತ ನಡಾವಳಿ ಬೇರೆಯೇ ವಿಷಯ, ಅದಕ್ಕೆ ಅದರದ್ದೇ ನಿಯಮ ಇರುತ್ತವೆ. ಅಲ್ಲಿ ಓದುವವರ ಅನುಕೂಲ ನೋಡಿ ಕತ್ತರಿಸುವ ಹಾಗಿಲ್ಲ.

ಎರಡು ರೀಕ್ಯಾಪ್ ಇದ್ದಾಗ ಒಂದು ಅಪಾಯ ಇದ್ದೇ ಇದೆ, ಎರಡರಲ್ಲೂ ಬೇರೆ ಬೇರೆ ಮಾತು ಬಂದುಬಿಡುವುದು. ಟೀಮ್‌ಗೆ 28 ಅಂತ ಬರೆದು ಮೇಲಕ್ಕೆ ‘ತಿಂಗಳ ಕೊನೆಗೆ’ ಅಂತ ಬರೆದರೆ, ಡೈರೆಕ್ಟರ್ ಗ್ರಾಹಕರಿಗೆ 30 ಅಂತ ಹೇಳಿಬಿಡಬಹುದು. ತಾರೀಖು, ಅಂಕಿ, ಷರತ್ತು ಎರಡರಲ್ಲೂ ಅಕ್ಷರ ಅಕ್ಷರ ಒಂದೇ ಇರಲಿ. ಮೇಲಕ್ಕೆ ಹೋದ ಮೇಲ್ ಇವತ್ತಲ್ಲ ನಾಳೆ ಟೀಮ್‌ನವರಿಗೆ ಫಾರ್ವರ್ಡ್ ಆಗಿ ಬರುತ್ತದೆ ಅಂದುಕೊಂಡೇ ಬರೆಯಿರಿ. ಟೆಸ್ಟಿಂಗ್ ಲೀಡ್ ಅದನ್ನು ಓದಿದಾಗ ತಮ್ಮ ಮಾತು ಅಲ್ಲಿ ತಿರುಚಿಲ್ಲ ಅಂತ ಅನ್ನಿಸಬೇಕು.

ಯಾವುದನ್ನು ಮೊದಲು ಕಳಿಸಬೇಕು? ಮೇಲಿನವರಿಂದ ಏನೂ ಬೇಕಿಲ್ಲದಿದ್ದರೆ ಟೀಮ್‌ನದ್ದನ್ನು ಮೊದಲು ಕಳಿಸಿ, ಅವರು ತಿದ್ದುವ ಹೊತ್ತು ಮುಗಿಯಲಿ, ಆಮೇಲೆ ಮೇಲಕ್ಕೆ. ಉತ್ತರ ಬೇಕಿದ್ದರೆ ಎರಡೂ ಅವತ್ತೇ ಹೋಗಬೇಕು. ಆಗ ಟೀಮ್‌ನಿಂದ ತಿದ್ದುಪಡಿ ಬಂದರೆ ಏನು ಮಾಡುವುದು ಅನ್ನೋದನ್ನು ನಿಮಗೆ ನೀವೇ ಗೊತ್ತು ಮಾಡಿಕೊಂಡಿರಿ. ಟೆಸ್ಟಿಂಗ್ ಲೀಡ್ ‘24 ಅಲ್ಲ, ನಾನು ಹೇಳಿದ್ದು 25’ ಅಂದರೆ ಟೀಮ್‌ಗೆ ಒಂದು ಸಾಲು ಕಳಿಸಿ, ಮೇಲಕ್ಕೆ ಏನೂ ಬೇಡ. ಬ್ಯಾಕೆಂಡ್ ಲೀಡ್ ‘20ಕ್ಕೆ ಆಗಲ್ಲ, 23 ಆಗುತ್ತೆ’ ಅಂದರೆ ಅದು ಟೆಸ್ಟಿಂಗನ್ನು ತಳ್ಳಿ, 28ನ್ನೂ ಅಲುಗಾಡಿಸುತ್ತದೆ. ಗ್ರಾಹಕರ ಮುಂದೆ ಡೈರೆಕ್ಟರ್ ಹೇಳಲಿರುವ ತಾರೀಖು ಅದು. ಅವರು ಫೋನ್ ಎತ್ತುವ ಮೊದಲೇ, ಹಳೆಯ ಮೇಲ್‌ನ ಕೆಳಗೇ, ಬದಲಾದ ಆ ಒಂದು ಸಾಲನ್ನು ಮಾತ್ರ ಕಳಿಸಿ.